ಕೈಲಿ ಹಾಕಿದ ಪಿವಟ್ ಒಂದು, ಚಾರ್ಟ್ ತೋರಿಸೋದು ಇನ್ನೊಂದು: ತಪ್ಪು ಎಲ್ಲಿದೆ?

ಹೊಸಬ22

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ನಾನು ನೋಡೋದು ಒಂದು ಇಂಡೆಕ್ಸ್ ಫ್ಯೂಚರ್ಸ್. ನಿನ್ನೆಯ ಹೈ 1260, ಲೋ 1212, ಕ್ಲೋಸ್ 1248. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದೆ, ಪಿವಟ್ 1240 ಬಂತು. ಅಲ್ಲಿಂದ ಮುಂದೆ R1 1268, S1 1220, R2 1288, S2 1192.

ಚಾರ್ಟ್‌ನಲ್ಲಿ ಪಿವಟ್ ಇಂಡಿಕೇಟರ್ ಹಾಕಿದರೆ ಬೇರೆಯೇ ಬರುತ್ತಿದೆ. P 1238, R1 1270, S1 1216, R2 1292, S2 1184. ಸೆಟ್ಟಿಂಗ್‌ನಲ್ಲಿ ಕ್ಲಾಸಿಕ್ ಅಂತಲೇ ಇದೆ. ಲೆಕ್ಕವನ್ನು ಮತ್ತೆ ಮತ್ತೆ ನೋಡಿದೆ, ತಪ್ಪು ಕಾಣಲಿಲ್ಲ. ಇವತ್ತು ಯಾವ ಗೆರೆ ನಂಬಲಿ?

ಚುಕ್ಕಿಗೆರೆ

ಪಿವಟ್‌ಗೆ ಎಡಕ್ಕೆಷ್ಟು ಕ್ಯಾಂಡಲ್, ಬಲಕ್ಕೆಷ್ಟು ಕ್ಯಾಂಡಲ್ ಇಟ್ಟಿದ್ದೀರಿ? ನಾನು ಎಡಕ್ಕೆ 5, ಬಲಕ್ಕೆ 5 ಇಡುತ್ತೇನೆ. ಬಲಗಡೆ ಕಡಿಮೆ ಮಾಡಿದರೆ ಪಿವಟ್ ಬೇಗ ಸಿಗುತ್ತದೆ, ಆದರೆ ಸುಳ್ಳು ತಿರುವುಗಳು ಜಾಸ್ತಿ.

ಹೊಸಬ22

ಅದಲ್ಲ ಸರ್. ನೀವು ಹೇಳ್ತಿರೋದು ಚಾರ್ಟ್ ಮೇಲಿನ ಏರಿಳಿತದ ತುದಿಗಳು. ನನ್ನದು ಹಿಂದಿನ ಸೆಷನ್‌ನ ಮೂರು ಅಂಕಿಯಿಂದ ಹಾಕೋ ಲೆಕ್ಕ.

ಚುಕ್ಕಿಗೆರೆ

ಓಹ್, ಅದಾ. ಹಾಗಾದರೆ ನನ್ನ ಮಾತು ಬಿಡಿ. ಆದರೂ ನೋಡುತ್ತಿರುತ್ತೇನೆ.

ಮುಕ್ತಾಯ

ಇದು ಕ್ಲೋಸ್‌ನ ಸಮಸ್ಯೆ, ನೂರಕ್ಕೆ ನೂರು. ಫ್ಯೂಚರ್ಸ್‌ನಲ್ಲಿ ಕೊನೆಯ ವಹಿವಾಟಿನ ಬೆಲೆ ಬೇರೆ, ಎಕ್ಸ್‌ಚೇಂಜ್ ಘೋಷಿಸುವ ಸೆಟಲ್‌ಮೆಂಟ್ ಬೆಲೆ ಬೇರೆ. ಸೆಟಲ್‌ಮೆಂಟ್ ಅನ್ನೋದು ಸಾಮಾನ್ಯವಾಗಿ ಕೊನೆಯ ಹೊತ್ತಿನ ವಹಿವಾಟುಗಳ ಸರಾಸರಿ. ಕೆಲವು ಚಾರ್ಟ್‌ಗಳು ಅದನ್ನು ಕ್ಲೋಸ್ ಅಂತ ತಗೊಳ್ತವೆ, ಕೆಲವು ಕೊನೆಯ ಟ್ರೇಡ್ ತಗೊಳ್ತವೆ. ಚಾರ್ಟ್‌ನ ಪಿವಟ್ ನಿಮ್ಮದಕ್ಕಿಂತ 2 ಪಾಯಿಂಟ್ ಕೆಳಗಿದೆ, ಅಂದರೆ ಅವರ ಕ್ಲೋಸ್ 6 ಪಾಯಿಂಟ್ ಕಡಿಮೆ, 1242. ಮೂರರಲ್ಲಿ ಒಂದು ಪಾಲು ತಾನೇ. ಸೆಟಲ್‌ಮೆಂಟ್ ಹಾಕಿ ನೋಡಿ, ಸರಿಹೋಗುತ್ತದೆ.

ಹಳೇಗಿರಾಕಿ

ಮುಕ್ತಾಯ ಅವರೇ, ಸೆಟಲ್‌ಮೆಂಟ್ ವಿಷಯ ನಿಜ. ಎಷ್ಟೋ ಸಲ ಕಾರಣ ಅದೇ ಆಗಿರುತ್ತದೆ. ಆದರೆ ಈ ಸಲ ಅಲ್ಲ. P ಒಂದನ್ನೇ ನೋಡಿ ತೀರ್ಮಾನಿಸಿದ್ದೀರಿ, ಉಳಿದ ಗೆರೆಗಳನ್ನೂ ನೋಡಿ.

ಕ್ಲೋಸ್ ಮಾತ್ರ 6 ಇಳಿದಿದ್ದರೆ P 2 ಇಳಿಯುತ್ತದೆ, ಸರಿ. R1, S1 ಎರಡೂ ಪಿವಟ್‌ನ ಎರಡರಷ್ಟರಿಂದ ಲೋ ಅಥವಾ ಹೈ ಕಳೆದು ಬರುವುವು. ಹಾಗಾಗಿ ಎರಡೂ 4 ಇಳಿಯಬೇಕು, ಒಂದೇ ದಿಕ್ಕಿಗೆ. ಅಂದರೆ R1 1264, S1 1216. ಇವರ ಚಾರ್ಟ್‌ನಲ್ಲಿ S1 ಏನೋ 1216 ಇದೆ. ಆದರೆ R1 ಕೆಳಗಿಳಿಯೋ ಬದಲು ಮೇಲೆ ಹೋಗಿ 1270 ಆಗಿದೆ. ಕ್ಲೋಸ್ ಬದಲಾದರೆ ಹೀಗೆ ಆಗೋಕೆ ಸಾಧ್ಯವೇ ಇಲ್ಲ.

ಹೊಸಬರೇ, ಒಂದು ಉಪಾಯ ಹೇಳ್ತೀನಿ. ಚಾರ್ಟ್ ಯಾವ ಹೈ, ಯಾವ ಲೋ ಇಟ್ಟುಕೊಂಡು ಲೆಕ್ಕ ಹಾಕಿದೆ ಅಂತ ಊಹಿಸೋದೇ ಬೇಡ. ಅದು ತೋರಿಸೋ ಗೆರೆಗಳಿಂದಲೇ ಹಿಂದಕ್ಕೆ ಹೋಗಬಹುದು. ಕ್ಲಾಸಿಕ್ ಸೂತ್ರ ತಿರುಗಿಸಿ ಹಾಕಿದರೆ ಇಷ್ಟೇ:

```
H = 2*P - S1
L = 2*P - R1
C = R1 + S1 - P
```

ನಿಮ್ಮ ಚಾರ್ಟ್‌ನ ಅಂಕಿ ಹಾಕೋಣ. P 1238, ಅದರ ಎರಡರಷ್ಟು 2476. ಅದರಿಂದ 1216 ಕಳೆದರೆ 1260. ಹೈ ನಿಮ್ಮದೇ. 2476ರಿಂದ 1270 ಕಳೆದರೆ 1206. ಲೋ ನಿಮ್ಮದಲ್ಲ! ನೀವು 1212 ಇಟ್ಟಿದ್ದೀರಿ. ಇನ್ನು ಕ್ಲೋಸ್: 1270 ಮತ್ತು 1216 ಕೂಡಿಸಿ 1238 ಕಳೆದರೆ 1248. ಅದೂ ನಿಮ್ಮದೇ.

ಹಾಗಾಗಿ ಜಗಳ ಇರೋದು ಲೋ ಒಂದರಲ್ಲಿ. ಎಲ್ಲೋ 1206ಕ್ಕೆ ಹೋಗಿ ಬಂದಿದೆ, ನೀವು ನೋಡಿಲ್ಲ. ನಿಮ್ಮ ಕಾಂಟ್ರ್ಯಾಕ್ಟ್‌ಗೆ ಸಂಜೆ ಅಥವಾ ರಾತ್ರಿ ಸೆಷನ್ ಇದೆಯಾ?

ಹೊಸಬ22

ಇದೆ ಸರ್! ರಾತ್ರಿಯೂ ಟ್ರೇಡ್ ಆಗುತ್ತದೆ. ಈಗ ಒಂದು ಗಂಟೆಯ ಕ್ಯಾಂಡಲ್ ತೆಗೆದು ನೋಡಿದೆ. ಹಗಲಿನ ಸೆಷನ್ ಶುರುವಾಗೋಕೆ ಮುಂಚೆ ಒಂದೇ ಒಂದು ಕ್ಯಾಂಡಲ್ 1206 ಮುಟ್ಟಿ ಮೇಲೆ ಬಂದಿದೆ. ನಾನು ಅಂಕಿ ತಗೊಂಡಿದ್ದು ಹಗಲಿನ ವಹಿವಾಟಿನ ಪಟ್ಟಿಯಿಂದ. ಚಾರ್ಟ್‌ನಲ್ಲಿ ಎಕ್ಸ್‌ಟೆಂಡೆಡ್ ಅವರ್ಸ್ ಆನ್ ಇತ್ತು. ಆಫ್ ಮಾಡಿದ ತಕ್ಷಣ P 1240ಕ್ಕೆ ಬಂತು, ಉಳಿದವೂ ನನ್ನ ಲೆಕ್ಕಕ್ಕೆ ಸರಿಯಾಗಿ ಕೂತವು.

ಮುಕ್ತಾಯ ಅವರಿಗೂ ಧನ್ಯವಾದ.

ಮುಕ್ತಾಯ

ಸರಿ, ಈ ಸಲ ಲೋ. ಆದರೂ ಸೆಟಲ್‌ಮೆಂಟ್ ಮಾತು ಮರೀಬೇಡಿ. ನಾಳೆ R1 ಮತ್ತು S1 ಎರಡೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಸರಿದಿದ್ದರೆ ನನ್ನನ್ನು ನೆನೆಸಿಕೊಳ್ಳಿ.

ಹಳೇಗಿರಾಕಿ

ಅದು ಸರಿಯಾದ ಮಾತು. ಇನ್ನೂ ಚುಟುಕಾಗಿ ಬೇಕಾದರೆ R1ರಿಂದ S1 ಕಳೆಯಿರಿ. ಬರೋದು ಹಿಂದಿನ ಸೆಷನ್‌ನ ಪೂರ್ತಿ ರೇಂಜ್, ಹೈ ಮೈನಸ್ ಲೋ. ನಿಮ್ಮ ಲೆಕ್ಕದಲ್ಲಿ 48, ಚಾರ್ಟ್‌ನಲ್ಲಿ 54. ಎರಡೂ ಕಡೆ ರೇಂಜ್ ಒಂದೇ ಇದ್ದು ಗೆರೆಗಳು ಮಾತ್ರ ಸರಿದಿದ್ದರೆ ಮೊದಲು ಕ್ಲೋಸ್ ನೋಡಿ. ರೇಂಜೇ ಬೇರೆ ಅಂದರೆ ಸೆಷನ್‌ನ ಗಡಿ ಬೇರೆ ಇದೆ. ನಾನು ಯಾವ ಹೊಸ ಚಾರ್ಟ್ ಹಾಕಿದರೂ ಮೊದಲು ಮಾಡೋ ಕೆಲಸ ಇದು, ಅರ್ಧ ನಿಮಿಷ ಸಾಕು.

ಒಂದು ಎಚ್ಚರಿಕೆ. ಚಾರ್ಟ್ ತೋರಿಸೋ ಅಂಕಿಗಳು ಟಿಕ್‌ಗೆ ಸರಿಹೊಂದಿಸಿದವಾಗಿರಬಹುದು. P ಅರ್ಧ ಟಿಕ್ ಆಚೀಚೆ ಇದ್ದರೆ ತಿರುಗಿಸಿ ಹಾಕುವಾಗ ಅದು ಎರಡರಷ್ಟಾಗುತ್ತದೆ, S1ದು ಇನ್ನೊಂದು ಅರ್ಧ ಸೇರುತ್ತದೆ. ಒಂದೂವರೆ ಟಿಕ್‌ವರೆಗೆ ವ್ಯತ್ಯಾಸ ಬಂದರೆ ಗಾಬರಿಯಾಗಬೇಡಿ. 6 ಪಾಯಿಂಟ್ ವ್ಯತ್ಯಾಸ ಅದರಿಂದ ಬರೋದಲ್ಲ.

ಮಲ್ಲಿಗೆಮೊಗ್ಗು

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನಗೆ ಬೇರೆಯೇ ಅನುಮಾನ. ಹೊಸಬ ಅವರ ಅಂಕಿಯಲ್ಲಿ P 1240, R1 1268. ಮೇಲಕ್ಕೆ 28. ಆದರೆ S1 1220, ಕೆಳಕ್ಕೆ 20 ಮಾತ್ರ. R2, S2 ಮಾತ್ರ ಎರಡೂ ಕಡೆ 48 ದೂರ. ಪಿವಟ್ ಮಧ್ಯದ ಗೆರೆ ಅಲ್ವಾ, R1, S1 ಯಾಕೆ ಸಮ ದೂರದಲ್ಲಿಲ್ಲ?

ಹಳೇಗಿರಾಕಿ

ಒಳ್ಳೇ ಪ್ರಶ್ನೆ ಕಣಮ್ಮ. ಪಿವಟ್ ರೇಂಜ್‌ನ ನಡುಮಧ್ಯ ಅಲ್ಲ. 1260 ಮತ್ತು 1212ರ ನಡುಮಧ್ಯ 1236. ನಿನ್ನೆಯ ಕ್ಲೋಸ್ ಹೈಗೆ ಹತ್ತಿರ ಇದ್ದಿದ್ದರಿಂದ ಪಿವಟ್ ಮೇಲಕ್ಕೆ ಎಳೆದುಕೊಂಡು 1240 ಆಯ್ತು.

ಈಗ ಪಿವಟ್ ಅನ್ನೋದನ್ನು ಕನ್ನಡಿ ಅಂದುಕೊಳ್ಳಿ. ಲೋ ಕನ್ನಡಿಯಿಂದ 28 ಕೆಳಗಿದೆ, ಅದರ ಪ್ರತಿಬಿಂಬ 28 ಮೇಲೆ. ಅದೇ R1. ಹೈ 20 ಮೇಲಿದೆ, ಅದರ ಪ್ರತಿಬಿಂಬ 20 ಕೆಳಗೆ. ಅದೇ S1. R2, S2 ಬೇರೆ ಥರ. ಪಿವಟ್‌ಗೆ ಪೂರ್ತಿ ರೇಂಜ್ ಕೂಡಿಸಿ, ಕಳೆದು ಬರುತ್ತವೆ. ಹಾಗಾಗಿ ಅವು ಯಾವಾಗಲೂ ಸಮ ದೂರ.

ಇದರಿಂದ ಒಂದು ವಿಷಯ ತಿಳಿಯುತ್ತದೆ. ಕ್ಲೋಸ್ ನಡುಮಧ್ಯಕ್ಕಿಂತ ಮೇಲಿದ್ದರೆ R1 ನಿನ್ನೆಯ ಹೈಗಿಂತ ಮೇಲೆ ಹೋಗುತ್ತದೆ. ಇಲ್ಲಿ 1268, ಹೈ 1260. S1 ನಿನ್ನೆಯ ಲೋ ಒಳಗೇ ಉಳಿಯುತ್ತದೆ. 1220, ಲೋ 1212. ಕ್ಲೋಸ್ ಕೆಳಗಿದ್ದರೆ ಉಲ್ಟಾ. ಇಂಥ ದಿನ S1 ಕೆಳಗೆ ಸ್ಟಾಪ್ ಇಡೋರು ನಿನ್ನೆಯ ಲೋ ಇನ್ನೂ ಕೆಳಗಿದೆ ಅನ್ನೋದನ್ನು ಗಮನಿಸಬೇಕು. ಬೆಲೆ S1 ಮುರಿದು 1212ರ ಹತ್ತಿರ ನಿಂತು ಮತ್ತೆ ಮೇಲೆ ಬಂದರೆ ಅದರಲ್ಲಿ ವಿಚಿತ್ರ ಏನೂ ಇಲ್ಲ.

ಮಲ್ಲಿಗೆಮೊಗ್ಗು

ಕನ್ನಡಿ ಅಂದಮೇಲೆ ಅರ್ಥ ಆಯ್ತು. ಥ್ಯಾಂಕ್ಸ್ ಸರ್. ಹಾಗಾದರೆ R3? ಎರಡು ಕಡೆ ಎರಡು ಥರ ನೋಡಿದ್ದೀನಿ.

ಕೋಡ್‌ಕಾಗೆ

R3ಗೆ ನಿಜವಾಗಲೂ ಎರಡು ಸೂತ್ರ ಓಡಾಡ್ತಿವೆ. ಎರಡಕ್ಕೂ ಹೆಸರು ಕ್ಲಾಸಿಕ್ ಅಂತಲೇ ಇರೋದು ತಮಾಷೆ.

```
R3 = H + 2*(P - L)
R3 = P + 2*(H - L)
```

ಹೊಸಬರ ಹಗಲಿನ ಅಂಕಿ ಹಾಕಿದರೆ ಮೊದಲನೆಯದು 1316, ಎರಡನೆಯದು 1336. 20 ಪಾಯಿಂಟ್ ವ್ಯತ್ಯಾಸ. ಗುರುತು ಹಿಡಿಯೋದು ಸುಲಭ. R1ಗೆ ರೇಂಜ್ ಕೂಡಿಸಿದರೆ R3 ಬಂತಾ, ಮೊದಲನೆಯದು. R2ಗೆ ಕೂಡಿಸಿದರೆ ಬಂತಾ, ಎರಡನೆಯದು. ಯಾವುದು ಅಸಲಿ ಅಂತ ಜಗಳ ಆಡೋದು ದಂಡ. ಬೆಲೆ ಅಲ್ಲಿಗೆ ಹೋಗೋದೇ ಅಪರೂಪ.

ರಾತ್ರಿಪಾಳಿ

ನಂದು ಇದಕ್ಕಿಂತ ಕೆಟ್ಟ ಕಥೆ. ನಾನು ಕರೆನ್ಸಿ ಜೋಡಿಗಳನ್ನು ನೋಡೋನು. ಪ್ರತಿ ಸೋಮವಾರ ಪಿವಟ್ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. S3ರಿಂದ R3ವರೆಗೆ ಎಲ್ಲ ಒಂದೇ ಹಿಡಿಯಲ್ಲಿ. ಬೆಳಗ್ಗೆ ಅರ್ಧ ಗಂಟೆಯಲ್ಲಿ ಬೆಲೆ ಎಲ್ಲವನ್ನೂ ದಾಟಿ ಹೋಗುತ್ತಿತ್ತು. ಸೋಮವಾರ ಮಾರುಕಟ್ಟೆಗೆ ಜೋರು ಜಾಸ್ತಿ ಅಂತ ನಾನೇ ಸಮಾಧಾನ ಮಾಡಿಕೊಂಡಿದ್ದೆ.

ಬ್ರೋಕರ್‌ಗೆ ಕೇಳಿದರೆ ಇಂಡಿಕೇಟರ್ ಸರಿಯಾಗಿದೆ ಅಂತ ಒಂದು ಸಾಲಿನ ಉತ್ತರ. ಹಿರಿಯರು ಏನಂತೀರಿ? ನನ್ನದೂ ಲೋ ಸಮಸ್ಯೆಯಾ?

ಹಳೇಗಿರಾಕಿ

ನಿಮ್ಮ ಡೈಲಿ ಚಾರ್ಟ್‌ನಲ್ಲಿ ವಾರಕ್ಕೆ ಎಷ್ಟು ಕ್ಯಾಂಡಲ್ ಇವೆ ಎಣಿಸಿ. ಐದಾ, ಆರಾ?

ರಾತ್ರಿಪಾಳಿ

ಆರು. ಶುಕ್ರವಾರದ ನಂತರ ಒಂದು ಪುಟಾಣಿ ಕ್ಯಾಂಡಲ್ ಇದೆ. ಭಾನುವಾರದ ದಿನಾಂಕ.

ಹಳೇಗಿರಾಕಿ

ಅದೇ ಕಳ್ಳ. ಕರೆನ್ಸಿ ಮಾರುಕಟ್ಟೆಗೆ ಬಾಗಿಲು ಹಾಕೋ ಗಂಟೆ ಅಂತ ಇಲ್ಲ. ರೂಢಿಯಲ್ಲಿ ನ್ಯೂಯಾರ್ಕ್ ಸಂಜೆ 5 ಗಂಟೆಗೆ ದಿನ ಮುಗಿದ ಹಾಗೆ. ಭಾನುವಾರ ನ್ಯೂಯಾರ್ಕ್ ಸಂಜೆ 5ಕ್ಕೆ ವಹಿವಾಟು ಶುರುವಾದರೆ ಅದು ಆಗಲೇ ಸೋಮವಾರದ ಲೆಕ್ಕ. ಆದರೆ ನಿಮ್ಮ ಬ್ರೋಕರ್‌ನ ಸರ್ವರ್ ಬಹುಶಃ ಯುಟಿಸಿ ಮಧ್ಯರಾತ್ರಿಗೆ ದಿನ ಕತ್ತರಿಸುತ್ತಿದೆ. ಆಗ ಭಾನುವಾರ ಅನ್ನೋ ದಿನಕ್ಕೆ ಸಿಗೋದು ಬರೀ ಎರಡು ಅಥವಾ ಮೂರು ಗಂಟೆ. ಅಲ್ಲಿ ಬೇಸಿಗೆ ಸಮಯ ಇದ್ದಾಗ ಮೂರು, ಇಲ್ಲದಾಗ ಎರಡು.

ಸೋಮವಾರದ ಪಿವಟ್‌ಗೆ ಹಿಂದಿನ ಸೆಷನ್ ಯಾವುದು ಅಂತ ಇಂಡಿಕೇಟರ್ ಕೇಳುತ್ತದೆ. ಎದುರಿಗೆ ಸಿಗೋದು ಆ ಪುಟಾಣಿ ಕ್ಯಾಂಡಲ್. ಎಲ್ಲ ಗೆರೆಗಳ ಅಂತರವೂ ರೇಂಜ್‌ನಿಂದಲೇ ಹುಟ್ಟೋದು. ಎರಡು ಗಂಟೆಯ ರೇಂಜ್ ಕೊಟ್ಟರೆ ಎರಡು ಗಂಟೆಗೆ ತಕ್ಕ ಗೆರೆಗಳೇ ಬರುತ್ತವೆ. ಸೋಮವಾರಕ್ಕೆ ಬೇಕಿರೋದು ಶುಕ್ರವಾರದ ಹೈ, ಲೋ, ಕ್ಲೋಸ್.

ಎಷ್ಟೋ ಬ್ರೋಕರ್‌ಗಳು ಇದಕ್ಕೇ ಸರ್ವರ್ ಗಡಿಯಾರವನ್ನು ಯುಟಿಸಿಗಿಂತ 2 ಗಂಟೆ ಮುಂದೆ, ಅಮೆರಿಕದ ಬೇಸಿಗೆ ಸಮಯದಲ್ಲಿ 3 ಗಂಟೆ ಮುಂದೆ ಇಡುತ್ತಾರೆ. ಆಗ ಸರ್ವರ್‌ನ ಮಧ್ಯರಾತ್ರಿ ಮತ್ತು ನ್ಯೂಯಾರ್ಕ್‌ನ ಸಂಜೆ 5 ಒಂದೇ ಕ್ಷಣಕ್ಕೆ ಬರುತ್ತವೆ. ವಾರಕ್ಕೆ ಐದೇ ಕ್ಯಾಂಡಲ್.

ಕೋಡ್‌ಕಾಗೆ

ಬ್ರೋಕರ್ ಬದಲಿಸೋಕೆ ಮನಸ್ಸಿಲ್ಲದಿದ್ದರೆ ಗಂಟೆಯ ಡೇಟಾ ತಗೊಂಡು ದಿನವನ್ನು ನೀವೇ ಕತ್ತರಿಸಿ. ಸಂಜೆ 5ಕ್ಕೆ 7 ಗಂಟೆ ಕೂಡಿಸಿದರೆ ಮಧ್ಯರಾತ್ರಿ, ಅಷ್ಟೇ ತಂತ್ರ. ಡೇಟಾದ ಸಮಯಕ್ಕೆ ಟೈಮ್‌ಜೋನ್ ಗುರುತು ಇರಬೇಕು.

```python
ny = bars.tz_convert("America/New_York")
key = (ny.index.tz_localize(None) + pd.Timedelta("7h")).date
day = ny.groupby(key).agg({"high": "max", "low": "min", "close": "last"})
prev = day.shift(1)
```

ಕೊನೆಯ ಸಾಲು ಬಿಟ್ಟರೆ ಕೆಟ್ಟಿರಿ. ಅದಿಲ್ಲದೆ ಇವತ್ತಿನ ಹೈ, ಲೋ ಇವತ್ತಿನ ಪಿವಟ್‌ಗೇ ಸೇರುತ್ತದೆ. ಸಂಜೆ ಗೊತ್ತಾಗೋ ಅಂಕಿಯನ್ನು ಬೆಳಗ್ಗೆಯೇ ಬಳಸಿದ ಹಾಗೆ. ಬ್ಯಾಕ್‌ಟೆಸ್ಟ್ ನೋಡಿದರೆ ಎಲ್ಲ ಗೆರೆಯೂ ಅದ್ಭುತವಾಗಿ ಹಿಡಿದಂತೆ ಕಾಣುತ್ತದೆ. ಪಿವಟ್ ಬ್ಯಾಕ್‌ಟೆಸ್ಟ್ ಅಂತ ಯಾರಾದರೂ ಹೊಳೆಯೋ ಗ್ರಾಫ್ ತೋರಿಸಿದರೆ ನಾನು ಮೊದಲು ಹುಡುಕೋದು ಈ ಸಾಲನ್ನೇ.

ಸಂಶಯಪ್ಪ

ಇಷ್ಟೊಂದು ಓದಿದ ಮೇಲೆ ನನ್ನ ಪ್ರಶ್ನೆ ಬೇರೆ. ಪಿವಟ್ ಕೆಲಸ ಮಾಡೋದು ಎಲ್ಲರೂ ಅದೇ ಗೆರೆ ನೋಡೋದರಿಂದ ಅಂತಾರೆ. ಆದರೆ ಇಲ್ಲಿ ಒಬ್ಬರ ಗೆರೆ 1220, ಇನ್ನೊಬ್ಬರದು 1216. ಸೆಟಲ್‌ಮೆಂಟ್ ಹಾಕಿದರೆ ಮೂರನೆಯದು. ಹಾಗಾದರೆ ಎಲ್ಲರೂ ನೋಡೋ ಗೆರೆ ಯಾವುದು ಸ್ವಾಮಿ?

ಹಳೇಗಿರಾಕಿ

ನೀವು ಕೇಳೋದರಲ್ಲಿ ಅರ್ಥ ಇದೆ. ಹಿಂದೆ ಟ್ರೇಡಿಂಗ್ ಅಂಗಳದಲ್ಲಿ ನಿಂತು ಕೂಗಿ ವ್ಯವಹಾರ ಮಾಡುತ್ತಿದ್ದಾಗ ಈ ತಕರಾರು ಕಡಿಮೆ. ಒಂದೇ ಅಂಗಳ, ಗಂಟೆ ಹೊಡೆದರೆ ಶುರು, ಗಂಟೆ ಹೊಡೆದರೆ ಮುಗೀತು. ಹೈ, ಲೋ, ಕ್ಲೋಸ್ ಎಲ್ಲರಿಗೂ ಒಂದೇ. ಮೂರು ಅಂಕಿಯನ್ನು ಚೀಟಿಯಲ್ಲಿ ಬರೆದು ಲೆಕ್ಕ ಹಾಕಿಕೊಳ್ಳುತ್ತಿದ್ದರು. ವಹಿವಾಟು ಸುಮಾರು 24 ಗಂಟೆಗೆ ಹರಡಿದ ಮೇಲೆ ಸೂತ್ರ ಹಾಗೇ ಉಳಿಯಿತು, ಅದಕ್ಕೆ ಹಾಕೋ ಅಂಕಿ ಮಾತ್ರ ಕವಲೊಡೆಯಿತು.

ಗೆರೆಗಳಿಗೆ ಬೆಲೆಯೇ ಇಲ್ಲ ಅಂತಲೂ ಹೇಳಲಾಗದು. 2000ರಲ್ಲಿ ಕ್ಯಾರಲ್ ಓಸ್ಲರ್ ಅನ್ನೋ ಅರ್ಥಶಾಸ್ತ್ರಜ್ಞೆ ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕ್‌ನ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕರೆನ್ಸಿ ಸಂಸ್ಥೆಗಳು ತಮ್ಮ ಗ್ರಾಹಕರಿಗೆ ಕೊಡುತ್ತಿದ್ದ ಸಪೋರ್ಟ್, ರೆಸಿಸ್ಟೆನ್ಸ್ ಮಟ್ಟಗಳನ್ನು ಸುಮ್ನೆ ಆರಿಸಿದ ಮಟ್ಟಗಳ ಜೊತೆ ಹೋಲಿಸಿದ್ದರು. ಸಂಸ್ಥೆಗಳು ಕೊಟ್ಟ ಮಟ್ಟಗಳಲ್ಲಿ ಬೆಲೆಯ ಓಟ ನಿಲ್ಲೋದು ಹೆಚ್ಚಾಗಿ ಕಂಡಿತು.

ಸಂಶಯಪ್ಪ

ಅದು ಸಂಸ್ಥೆಯವರು ಕೊಟ್ಟ ಮಟ್ಟಗಳ ಪರೀಕ್ಷೆ. (H+L+C)/3ರ ಪರೀಕ್ಷೆ ಅಲ್ಲ. ಅದನ್ನು ತಂದು ಇಲ್ಲಿ ಒರಗಿಸಬೇಡಿ.

ಹಳೇಗಿರಾಕಿ

ಒಪ್ಪಿದೆ. ಪಿವಟ್ ಸೂತ್ರಕ್ಕೆ ಅದು ಸಾಕ್ಷಿ ಅಲ್ಲ. ನಾನು ಪಿವಟ್ ಬಳಸೋದು ನಿನ್ನೆಯ ರೇಂಜ್‌ಗೆ ಹೋಲಿಸಿ ಇವತ್ತಿನ ಬೆಲೆ ಎಲ್ಲಿದೆ ಅಂತ ತಿಳಿಯೋಕೆ. ತಿರುಗೇ ತಿರುಗುತ್ತದೆ ಅಂತ ಅಲ್ಲ.

ಗೋಣಿಚೀಲ

ಇಷ್ಟೆಲ್ಲ ಯಾಕೆ, ವುಡಿ ಪಿವಟ್ ಹಾಕಿ. ಕ್ಲೋಸ್‌ಗೆ ಎರಡು ಪಾಲು ಕೊಡ್ತದೆ, ಅದೇ ಚೆನ್ನಾಗಿ ಕೆಲಸ ಮಾಡೋದು. ಸೆಷನ್ ಗೊಂದಲನೂ ಇರಲ್ಲ.

ಕೋಡ್‌ಕಾಗೆ

ಗೊಂದಲ ಇರಲ್ಲ ಅನ್ನೋದು ತಪ್ಪು ಗುರು. ವುಡಿಯಲ್ಲೂ ಹೈ, ಲೋ ಬೇಕೇ ಬೇಕು. ಹೊಸಬರ ಹಗಲಿನ ಅಂಕಿಗೆ ಅದು (1260+1212+2×1248)/4, ಅಂದರೆ 1242. 1206 ಹಾಕಿದರೆ ಅದೂ ಬದಲಾಗಿ 1240.5. ಕಡಿಮೆ ಅಲುಗಾಡುತ್ತದೆ, ನಿಜ. ಮುಕ್ತಾಯ ಅವರ ಸೆಟಲ್‌ಮೆಂಟ್ ತಕರಾರು ಬಂದರೆ ಜಾಸ್ತಿ ಅಲುಗಾಡುತ್ತದೆ. ಅದರ ಮೇಲೆ ಕೆಲವು ಕಡೆ ಕ್ಲೋಸ್ ಬದಲು ಇವತ್ತಿನ ಓಪನ್ ಹಾಕ್ತಾರೆ. ಹಾಗಾಗಿ ವುಡಿ ಅಂದರೂ ಯಾವ ವುಡಿ ಅಂತ ಕೇಳಬೇಕು.

ಹಳೇಗಿರಾಕಿಯವರ ಉಪಾಯಕ್ಕೆ ಒಂದು ಸೇರ್ಪಡೆ. ಚಾರ್ಟ್ ವುಡಿಯಲ್ಲಿದ್ದು ನೀವು ಕ್ಲಾಸಿಕ್ ಅಂದುಕೊಂಡು ಹಿಂದಕ್ಕೆ ಹೋದರೆ ಹೈ, ಲೋ ಸರಿಯಾಗೇ ಬರುತ್ತವೆ, R1, S1 ಸೂತ್ರ ಒಂದೇ ಆದ್ದರಿಂದ. ಕ್ಲೋಸ್ ಮಾತ್ರ 1254 ಅಂತ ಬರುತ್ತದೆ. ಚಾರ್ಟ್‌ನಲ್ಲಿ ಅಂಥ ಕ್ಲೋಸ್ ಇಲ್ಲ, ಸೆಟಲ್‌ಮೆಂಟೂ ಅದಲ್ಲ ಅಂದರೆ ಸೂತ್ರವೇ ಬೇರೆ ಅಂತ ತಿಳೀಬೇಕು.

ಹೊಸಬ22

ಇವತ್ತಿನ ವರದಿ. ಬೆಳಗ್ಗೆ ಬೆಲೆ 1240ರ ಕೆಳಗೇ ಶುರುವಾಯ್ತು, ನಿಧಾನಕ್ಕೆ ಜಾರಿತು. 1218ಕ್ಕೆ ಹೋಗಿ ತಿರುಗಿತು. ಮಧ್ಯಾಹ್ನದ ಹೊತ್ತಿಗೆ 1239.

ಈಗ ನನ್ನ ಹಗಲಿನ S1 1220, ಚಾರ್ಟ್‌ನ ಪೂರ್ತಿ ಸೆಷನ್ S1 1216. ಎರಡರ ನಟ್ಟನಡುವೆ!

ಮುಕ್ತಾಯ

ಹಗಲಿನ ಗೆರೆ ಗೆದ್ದಿತು. 2 ಪಾಯಿಂಟ್ ಒಳಗೆ ಇಳಿದು ಸ್ಟಾಪ್‌ಗಳನ್ನು ಹೊಡೆದು ಮೇಲೆ ಬಂದಿದೆ. ಹಣ ಹೆಚ್ಚು ಓಡಾಡೋದು ಹಗಲಲ್ಲಿ, ಅದನ್ನೇ ಇಟ್ಟುಕೊಳ್ಳಿ.

ರಾತ್ರಿಪಾಳಿ

ಯಾಕೆ, ಪೂರ್ತಿ ಸೆಷನ್‌ನ ಗೆರೆ ಮುಟ್ಟೋ ಮುಂಚೆ ಕೊಳ್ಳೋರು ಬಂದರು ಅಂತ ನಾನೂ ಹೇಳಬಹುದಲ್ಲ? 1206ರಲ್ಲಿ ವಹಿವಾಟು ಮಾಡಿದವರ ದುಡ್ಡೂ ದುಡ್ಡೇ.

ಸಂಶಯಪ್ಪ

ನೋಡಿ, ಇದನ್ನೇ ನಾನು ಹೇಳಿದ್ದು. 1220ರಲ್ಲಿ ತಿರುಗಿದ್ದರೂ ಗೆದ್ದಿರಿ, 1216ರಲ್ಲಿ ತಿರುಗಿದ್ದರೂ ಗೆದ್ದಿರಿ, ನಡುವೆ ತಿರುಗಿದರೆ ಇಬ್ಬರೂ ಗೆದ್ದಿರಿ. ಸೋಲೋದು ಯಾವಾಗ?

ಹಳೇಗಿರಾಕಿ

ಅದಕ್ಕೇ ಮೊದಲೇ ಬರೆದಿಡಬೇಕು. ಹೊಸಬರೇ, ಒಂದು ಸೆಷನ್ ಆರಿಸಿ, ಎಷ್ಟು ಪಾಯಿಂಟ್ ಒಳಗೆ ಬಂದರೆ ಮುಟ್ಟಿದ ಲೆಕ್ಕ ಅಂತ ಈಗಲೇ ತೀರ್ಮಾನಿಸಿ, ಅದನ್ನು ರೇಂಜ್‌ನ ಒಂದು ಪಾಲಾಗಿ ಇಡಿ. 48ರ ರೇಂಜ್‌ಗೆ 2 ಪಾಯಿಂಟ್ ಒಂದು ಥರ, 12ರ ರೇಂಜ್‌ಗೆ 2 ಪಾಯಿಂಟ್ ಇನ್ನೊಂದು ಥರ. ನಾನು ಹಗಲಿನ ಸೆಷನ್ ಇಡುತ್ತೇನೆ, ಯಾಕೆಂದರೆ ನಾನು ಟ್ರೇಡ್ ಮಾಡೋದು ಹಗಲಲ್ಲಿ. ರಾತ್ರಿಪಾಳಿಯವರಿಗೆ ನಾನು ಅದನ್ನು ಹೇಳಲಾರೆ.

ಹೊಸಬ22

ಸರಿ ಸರ್. ಹಗಲಿನ ಸೆಷನ್, ರೇಂಜ್‌ನ ಇಪ್ಪತ್ತರಲ್ಲಿ ಒಂದು ಪಾಲು. 48ಕ್ಕೆ 2.4. ಇವತ್ತಿನದು ಮುಟ್ಟಿದ ಲೆಕ್ಕಕ್ಕೆ ಬರುತ್ತದೆ, ಆದರೆ ನಿಯಮ ಆಮೇಲೆ ಬರೆದಿದ್ದರಿಂದ ಇದನ್ನು ಎಣಿಸಲ್ಲ. ಮುಂದಿನ ವಾರ ಕಾಂಟ್ರ್ಯಾಕ್ಟ್ ಬದಲಾಗುತ್ತಿದೆ. ಆವತ್ತು ಹಿಂದಿನ ಸೆಷನ್ ಅಂತ ಹಳೇ ಕಾಂಟ್ರ್ಯಾಕ್ಟ್‌ನ ಅಂಕಿ ತಗೋಬೇಕಾ, ಹೊಸದರದ್ದಾ?

ಮುಕ್ತಾಯ

ಹೊಸದರದ್ದೇ. ಎರಡರ ಬೆಲೆಯ ನಡುವೆ ವ್ಯತ್ಯಾಸ ಇರುತ್ತದೆ, ಹಳೇದರ ಅಂಕಿ ಹಾಕಿದರೆ ಎಲ್ಲ ಗೆರೆಯೂ ಅಷ್ಟು ಸರಿದಿರುತ್ತದೆ. ಹೊಸದರಲ್ಲೂ ನಿನ್ನೆ ಟ್ರೇಡ್ ಆಗಿರುತ್ತದಲ್ಲ, ಅದರ ಹೈ, ಲೋ, ಕ್ಲೋಸ್ ತೆಗೆದುಕೊಳ್ಳಿ.

ಕೋಡ್‌ಕಾಗೆ

ಹೂಂ, ಆದರೆ ಬದಲಾವಣೆಗೆ ನಾಲ್ಕೈದು ದಿನ ಮುಂಚೆಯೇ ಹೊಸದಕ್ಕೆ ಹಾರಬೇಡಿ. ವಹಿವಾಟು ತೆಳ್ಳಗಿದ್ದರೆ ಅದರ ಹೈ, ಲೋ ಪೂರ್ತಿ ರೇಂಜ್ ತೋರಿಸೋದೇ ಇಲ್ಲ. ಭಾನುವಾರದ ಕ್ಯಾಂಡಲ್‌ನ ತಮ್ಮ ಅದು. ಜೋಡಿಸಿದ ಕಂಟಿನ್ಯುಯಸ್ ಚಾರ್ಟ್ ಬಳಸುತ್ತಿದ್ದರೆ ಅದು ಹಳೇ ಬೆಲೆಗಳನ್ನು ಸರಿಹೊಂದಿಸುತ್ತದಾ ಇಲ್ಲವಾ ಅನ್ನೋದನ್ನೂ ನೋಡಬೇಕು. ನಿಮ್ಮದು ಯಾವ ಥರದ್ದು, ಸೆಟ್ಟಿಂಗ್‌ನಲ್ಲಿ ಏನು ಬರೆದಿದೆ ಹಾಕಿ.